ಚಡಾವಿನ ಓಟದಲ್ಲಿ ನಾಡಿ ಹಿಂದೆ ಬೀಳುವುದೇಕೆ? ವಾಚಿನ ಜೊತೆಗೆ ಶ್ರಮದ ಅಂಕವನ್ನೂ ಬಳಸುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಓಡುವವರಿಗೆ ಸಮತಟ್ಟಾದ ದಾರಿ ಸಿಗುವುದೇ ಕಷ್ಟ. ಮನೆಯಿಂದ ಹೊರಬಿದ್ದರೆ ಒಂದು ಚಡಾವು, ಅದು ಮುಗಿದರೆ ಒಂದು ಇಳುಕಲು. ಹೀಗಾಗಿ ಇಲ್ಲಿಯ ಓಟಗಾರರು ಇಂಟರ್ವಲ್ ಅಂದಾಗ ಸಾಮಾನ್ಯವಾಗಿ ಮಾಡುವುದು ಒಂದೇ. ಚಡಾವನ್ನು ಅರ್ಧ ನಿಮಿಷ ಜೋರಾಗಿ ಹತ್ತಿ, ನಡೆದು ಇಳಿದು, ಮತ್ತೆ ಹತ್ತುತ್ತಾರೆ. ಈಗ ಬಹಳ ಮಂದಿಯ ಕೈಯಲ್ಲಿ ನಾಡಿ ತೋರಿಸುವ ವಾಚಿದೆ. ಮೇಲೆ ಮುಟ್ಟುವಾಗ ಬಾಯಿಂದ ಮಾತು ಹೊರಡುವುದಿಲ್ಲ, ತೊಡೆ ಉರಿಯುತ್ತಿರುತ್ತದೆ, ವಾಚು ಮಾತ್ರ 140 ತೋರಿಸಿ ‘ಸಾಧಾರಣ ಶ್ರಮ’ ಅನ್ನುತ್ತದೆ. ನಡೆದು ಇಳಿಯಲು ಶುರು ಮಾಡಿದ ಮೇಲೆ ಅದೇ ವಾಚಿನಲ್ಲಿ ಅಂಕಿ ಏರುತ್ತದೆ. ವಾಚು ಕೆಟ್ಟಿದೆ ಎಂದು ಕೆಲವರು ತಿಳಿಯುತ್ತಾರೆ. ತಾವೇ ಸಾಲದಷ್ಟು ಓಡಿದ್ದೇವೆ ಎಂದುಕೊಂಡು ಮುಂದಿನ ಸಲ ಇನ್ನೂ ಜೋರಾಗಿ ನುಗ್ಗುವವರು ಇನ್ನು ಕೆಲವರು. ಹೆಚ್ಚು ಹಾನಿ ಆಗುವುದು ಈ ಎರಡನೆಯವರಿಗೆ.

ಈ ಲೇಖನ 30 ಸೆಕೆಂಡಿನ ಚಡಾವಿನ ಓಟವೊಂದನ್ನೇ ಹಿಡಿದುಕೊಂಡಿದೆ. ನಾಡಿಯ ಅಂಕಿ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಕಾರಣ ತಿಳಿಯಿರಿ

ಹೃದಯಕ್ಕೆ ತನ್ನದೇ ಆದ ಒಂದು ಲಯವಿದೆ. ನರಗಳ ಪ್ರಭಾವವನ್ನೆಲ್ಲ ತೆಗೆದುಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕೂತಾಗ 60 ಅಥವಾ 70 ಇರುವುದಕ್ಕೆ ಕಾರಣ ವೇಗಸ್ ಎಂಬ ನರ ಅದನ್ನು ತಗ್ಗಿಸಿ ಹಿಡಿದಿರುವುದು. ಓಡಲು ಶುರು ಮಾಡಿದ ಕೂಡಲೇ ಮೆದುಳು ಈ ಹಿಡಿತವನ್ನು ಸಡಿಲಿಸುತ್ತದೆ. ಅದು ಒಂದೆರಡು ಬಡಿತದೊಳಗೇ ಆಗುವ ಕೆಲಸ. ಹಾಗಾಗಿ ವಿಶ್ರಾಂತಿಯಿಂದ ಮೊದಲ ಏರಿಕೆ ಚುರುಕಾಗಿಯೇ ಇರುತ್ತದೆ.

ಅಲ್ಲಿಂದ ಮೇಲೆ 150, 160ಕ್ಕೆ ಹೋಗಬೇಕಾದರೆ ಬೇರೆ ದಾರಿ ಬೇಕು. ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸಬೇಕು, ರಕ್ತದಲ್ಲಿ ಅಡ್ರಿನಲಿನ್ ಏರಬೇಕು, ದುಡಿಯುತ್ತಿರುವ ಸ್ನಾಯುಗಳಿಂದ ಮೆದುಳಿಗೆ ಸುದ್ದಿ ಮುಟ್ಟಬೇಕು. ಈ ದಾರಿ ನಿಧಾನದ್ದು. ಪರಿಣಾಮ ಕಾಣತೊಡಗಲು ಕೆಲವು ಸೆಕೆಂಡು, ಪೂರ್ತಿ ಕಾಣಲು ಹತ್ತಾರು ಸೆಕೆಂಡು ಹಿಡಿಯುತ್ತದೆ. ಒಂದೇ ಹದದಲ್ಲಿ ಓಡುತ್ತಾ ಹೋದರೂ ನಾಡಿ ಒಂದು ಮಟ್ಟಕ್ಕೆ ನಿಲ್ಲಲು ಎರಡು ಮೂರು ನಿಮಿಷ ಬೇಕು. ನಿಮ್ಮ ಓಟ ಮುಗಿಯುವುದು ಅರ್ಧ ನಿಮಿಷಕ್ಕೆ. ನಾಡಿ ತನ್ನ ಜಾಗ ಮುಟ್ಟುವ ಮೊದಲೇ ನೀವು ನಿಂತಿರುತ್ತೀರಿ.

ಹೃದಯ ಇಷ್ಟು ತಡವಾಗಿ ಬಂದರೂ ಕಾಲು ಓಡಿದ್ದು ಹೇಗೆ? ಸ್ನಾಯುವಿನೊಳಗೆ ಕ್ರಿಯಾಟಿನ್ ಫಾಸ್ಫೇಟ್ ಎಂಬ ಸಿದ್ಧ ಇಂಧನ ಸ್ವಲ್ಪ ಇರುತ್ತದೆ, ಮೊದಲ ಹತ್ತು ಸೆಕೆಂಡಿನ ಜೋರಿನಲ್ಲಿ ದೊಡ್ಡ ಪಾಲು ಅದರದು. ಆಮೇಲೆ ಸ್ನಾಯು ತನ್ನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನು ಆಮ್ಲಜನಕಕ್ಕೆ ಕಾಯದೆ ವೇಗವಾಗಿ ಒಡೆಯುತ್ತದೆ. ಆಮ್ಲಜನಕದ ಬಳಕೆಯೂ ಶುರುವಾಗಿರುತ್ತದೆ, ಆದರೆ ಅದೂ ನಾಡಿಯ ಹಾಗೆಯೇ ನಿಧಾನಕ್ಕೆ ಏರುವಂಥದ್ದು. ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದುಕೊಂಡು ಕೊಯ್ಲಾದ ಮೇಲೆ ತೀರಿಸುವ ಹಾಗೆ, ದೇಹ ಮೊದಲು ಖರ್ಚು ಮಾಡಿ ಆಮೇಲೆ ಉಸಿರು ಮತ್ತು ಹೃದಯದ ಮೂಲಕ ಲೆಕ್ಕ ತೀರಿಸುತ್ತದೆ. ನಿಂತ ಮೇಲೂ ನಾಡಿ ಹತ್ತು ಹದಿನೈದು ಸೆಕೆಂಡು ಏರುವುದು, ಓಟ ನಿಲ್ಲಿಸಿದ ನಂತರವೇ ಏದುಸಿರು ಹೆಚ್ಚಾಗುವುದು ಇದೇ ಕಾರಣಕ್ಕೆ.

ದೇಹದ ತಡ ಬೇರೆ, ವಾಚಿನ ತಡ ಬೇರೆ

ಇದರ ಮೇಲೆ ಉಪಕರಣದ ತಡವೂ ಸೇರುತ್ತದೆ. ಮಣಿಕಟ್ಟಿನ ವಾಚು ಚರ್ಮದೊಳಕ್ಕೆ ಬೆಳಕು ಹಾಯಿಸಿ ರಕ್ತದ ಅಲೆಯನ್ನು ಅಳೆಯುತ್ತದೆ. ಕೈ ಬೀಸುವಾಗ ಆ ಅಲೆ ಕಲಸಿಹೋಗುವುದರಿಂದ ವಾಚು ಹಲವು ಸೆಕೆಂಡುಗಳ ಸರಾಸರಿ ತೆಗೆದು ತೋರಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಮಂಜು ಮುಸುಕಿದ ಬೆಳಗಿನಲ್ಲಿ ಕೈ ತಣ್ಣಗಾದರೆ ಚರ್ಮಕ್ಕೆ ರಕ್ತ ಕಡಿಮೆ ಬರುತ್ತದೆ, ಆಗ ಅದರ ತಡ ಮತ್ತು ತಪ್ಪು ಎರಡೂ ಹೆಚ್ಚು. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಈ ತೊಂದರೆ ಬಹುಮಟ್ಟಿಗೆ ಇಲ್ಲ, ಕಟ್ಟುವ ಮೊದಲು ಅದರ ಒಳಮೈಯನ್ನು ಒದ್ದೆ ಮಾಡಿಕೊಂಡರೆ ಸಾಕು. ಆದರೆ ಎದೆಪಟ್ಟಿ ಕೊಂಡರೆ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಡಿ. ಅದು ವಾಚಿನ ತಡವನ್ನು ಕಳೆಯುತ್ತದೆ, ದೇಹದ ತಡ ಹಾಗೇ ಉಳಿಯುತ್ತದೆ.

ವಾಚು ಮಾಡುವ ಇನ್ನೊಂದು ತಪ್ಪನ್ನು ಗುರುತಿಸಲು ಕಲಿಯಿರಿ. ಓಡಲು ತೊಡಗಿದ ಐದು ಸೆಕೆಂಡಿಗೇ 105 ಇದ್ದದ್ದು 172ಕ್ಕೆ ಹಾರಿದರೆ ಅದು ನಾಡಿಯಲ್ಲ. ನಿಮಿಷಕ್ಕೆ 170ರ ಆಸುಪಾಸು ಬೀಳುವ ನಿಮ್ಮ ಹೆಜ್ಜೆಯ ಲಯವನ್ನೇ ವಾಚು ನಾಡಿಯೆಂದು ಎಣಿಸಿರುತ್ತದೆ. ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಇದು ಕಡಿಮೆಯಾಗುತ್ತದೆ.

ಅನುಮಾನ ಬಂದ ದಿನ ಬೆರಳಿನಿಂದ ಎಣಿಸಿ ನೋಡಿ. ಮೇಲೆ ಮುಟ್ಟಿ ನಿಂತ ಕ್ಷಣವೇ ಮಣಿಕಟ್ಟಿನ ಹೆಬ್ಬೆರಳ ಕಡೆಗೆ ಎರಡು ಬೆರಳಿಟ್ಟು ಸರಿಯಾಗಿ 10 ಸೆಕೆಂಡು ಎಣಿಸಿ 6ರಿಂದ ಗುಣಿಸಿ. ಪೂರ್ತಿ ನಿಮಿಷ ಎಣಿಸಿದರೆ ಅಷ್ಟರಲ್ಲಿ ನಾಡಿ ಇಳಿದಿರುತ್ತದೆ. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ 6ರ ವ್ಯತ್ಯಾಸ ಬರುತ್ತದೆ ಎನ್ನುವುದನ್ನು ಮಾತ್ರ ನೆನಪಿಡಿ. ಕುತ್ತಿಗೆಯಲ್ಲಿ ನೋಡುವುದಾದರೆ ಒಂದೇ ಬದಿ, ಹಗುರವಾಗಿ. ಎರಡೂ ಬದಿ ಒತ್ತಲೇಬಾರದು.

ಶ್ರಮಕ್ಕೆ ಅಂಕ ಕೊಡುವುದು

ನಮಗೆ ಎಷ್ಟು ಕಷ್ಟವಾಯಿತು ಎನ್ನುವುದನ್ನು ಅಂಕಿಯಲ್ಲಿ ಹೇಳುವ ಪದ್ಧತಿಯನ್ನು ರೂಪಿಸಿದವರು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. ಓಟಗಾರರು ಆರ್‌ಪಿಇ ಎನ್ನುವುದು ಇದನ್ನೇ. ಅವರ ಮೊದಲ ಮಾಪಕ 6ರಿಂದ 20ರವರೆಗೆ ಇತ್ತು. ಆರೋಗ್ಯವಂತ ಯುವಜನರಲ್ಲಿ ಈ ಅಂಕವನ್ನು ಹತ್ತರಿಂದ ಗುಣಿಸಿದರೆ ನಾಡಿಗೆ ಹತ್ತಿರ ಬರುವಂತೆ ಅದನ್ನು ಹೊಂದಿಸಿದ್ದರು. ಆ ಹೊಂದಾಣಿಕೆ ನಾಡಿ ಒಂದು ಮಟ್ಟಕ್ಕೆ ಬಂದು ನಿಂತಿರುವ ಶ್ರಮಕ್ಕೆ ಮಾತ್ರ ಸಲ್ಲುತ್ತದೆ, ಅರ್ಧ ನಿಮಿಷದ ಓಟಕ್ಕಲ್ಲ. ದಿನಬಳಕೆಗೆ 0ಯಿಂದ 10ರ ಮಾಪಕ ಸುಲಭ, ನಾನು ಅದನ್ನೇ ಹೇಳುತ್ತೇನೆ.

ನಿಧಾನದ ಓಟದಲ್ಲಿ ಅಂಕ ಕೊಡಲು ಮಾತೇ ಸಾಕು. ನಿರಾಳವಾಗಿ ಹರಟುತ್ತಾ ಓಡುವುದಾದರೆ 2 ಅಥವಾ 3. ಪೂರ್ತಿ ವಾಕ್ಯ ಹೇಳಬಹುದು, ಆದರೆ ನಡುವೆ ಉಸಿರೆಳೆಯಬೇಕು ಎಂದಾದರೆ 4 ಅಥವಾ 5. ನಾಲ್ಕೈದು ಪದಕ್ಕೇ ಮಾತು ತುಂಡಾದರೆ 6 ಅಥವಾ 7. ‘ಹೂಂ’, ‘ಇಲ್ಲ’ ಅಷ್ಟೇ ಹೊರಡುವುದು 8ರಿಂದ ಮೇಲೆ.

ಆದರೆ 30 ಸೆಕೆಂಡಿನ ಓಟಕ್ಕೆ ಈ ಮಾತಿನ ಪರೀಕ್ಷೆ ಹೊಂದುವುದಿಲ್ಲ. ಬಹಳ ಕಡೆ ಈ ವಿಷಯವನ್ನು ಬಿಟ್ಟೇ ಬರೆದಿರುತ್ತಾರೆ. ನಾಡಿಯಂತೆ ಏದುಸಿರೂ ತಡವಾಗಿ ಬರುವುದರಿಂದ ಓಟದ ಮೊದಲ ಹತ್ತು ಸೆಕೆಂಡಿನಲ್ಲಿ ಎಷ್ಟು ಜೋರಾಗಿ ಓಡಿದರೂ ಮಾತಾಡಬಹುದು. ಹಾಗಾಗಿ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದೇ ವೇಗದಲ್ಲಿ ಇನ್ನೆಷ್ಟು ಹೊತ್ತು ಹತ್ತಬಲ್ಲವನಾಗಿದ್ದೆ, ಹತ್ತಬಲ್ಲವಳಾಗಿದ್ದೆ? ಇನ್ನೂ ಹದಿನೈದು ಸೆಕೆಂಡು ಸಾಗುತ್ತಿತ್ತು ಅನ್ನಿಸಿದರೆ 7. ಎಂಟು ಹತ್ತು ಸೆಕೆಂಡು ಅಂದರೆ 8. ನಾಲ್ಕೈದು ಸೆಕೆಂಡು ಮಾತ್ರ ಅಂದರೆ 9. ಮುಗಿಯುವ ಮೊದಲೇ ಕಾಲು ಸೋತು ವೇಗ ಬಿದ್ದಿದ್ದರೆ ಅದು 10. ಈ ಸೆಕೆಂಡುಗಳು ಲೆಕ್ಕ ಹಿಡಿಯಲು ಒಂದು ಆಸರೆ ಅಷ್ಟೇ, ಪ್ರಯೋಗಶಾಲೆಯ ಅಳತೆಯಲ್ಲ. ಎರಡು ಮೂರು ವಾರ ಕೊಡುತ್ತಾ ಹೋದರೆ ನಿಮ್ಮ 8 ಯಾವುದು ಎಂಬುದು ನಿಮಗೆ ಗಟ್ಟಿಯಾಗುತ್ತದೆ.

ಒಂದು ನಿಯಮ ಮಾತ್ರ ತಪ್ಪಬೇಡಿ. ವಾಚು ನೋಡುವ ಮೊದಲು ಅಂಕ ಕೊಡಬೇಕು. ನೋಡಿದ ಮೇಲೆ ಕೊಟ್ಟ ಅಂಕ ವಾಚಿನ ಅಂಕಿಯ ಕಡೆಗೆ ವಾಲುತ್ತದೆ, ಆಗ ಎರಡು ಸಾಕ್ಷಿ ಇದ್ದದ್ದು ಒಂದಾಗುತ್ತದೆ.

ಚಡಾವು ಆರಿಸುವುದು, ಗುರುತು ಹಾಕುವುದು

ವಾಹನ ಕಡಿಮೆ ಓಡಾಡುವ, ಮೇಲೆ ಕೆಳಗೆ ಚೆನ್ನಾಗಿ ಕಾಣುವ ರಸ್ತೆ ಬೇಕು. ಆಗುಂಬೆ ಘಾಟಿಯಂಥ ತಿರುವಿನ ರಸ್ತೆ ಇದಕ್ಕೆ ಸಲ್ಲದು. ಓಡಿದರೂ ಓಟದ ಭಂಗಿ ಕೆಡದಷ್ಟು ಏರು ಸಾಕು. ಮುಂದೆ ಬಾಗಿ, ಕೈಯಿಂದ ಮಂಡಿ ಒತ್ತಿ ಹತ್ತುವಷ್ಟು ಕಡಿದಾದದ್ದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರಿನ ಅಂಚಿನಲ್ಲೂ ಜಂಬಿಟ್ಟಿಗೆಯ ಮೇಲೂ ಪಾಚಿ ಹಿಡಿದಿರುತ್ತದೆ. ಹತ್ತುವಾಗ ಅದು ಗೊತ್ತಾಗುವುದಿಲ್ಲ, ಸುಸ್ತಾದ ಕಾಲಿನಲ್ಲಿ ಇಳಿಯುವಾಗ ಜಾರುತ್ತದೆ. ಆ ತಿಂಗಳುಗಳಲ್ಲಿ ರಸ್ತೆಯ ನಡುಭಾಗದ ಒರಟು ಜಾಗವಿರುವ ಚಡಾವನ್ನೇ ನೋಡಿಕೊಳ್ಳಿ, ಇಲ್ಲದಿದ್ದರೆ ಮಳೆ ಬಿಡುವು ಕೊಟ್ಟಾಗ ಹೋಗಿ.

ಮೊದಲ ದಿನ 7ರ ಶ್ರಮದಲ್ಲಿ 30 ಸೆಕೆಂಡು ಹತ್ತಿ, ನಿಂತ ಜಾಗವನ್ನು ಗುರುತಿಟ್ಟುಕೊಳ್ಳಿ. ಒಂದು ಮರ, ಮೈಲಿಗಲ್ಲು, ತೋಟದ ಗೇಟು, ಯಾವುದಾದರೂ ಆಗಬಹುದು. ಮುಂದಿನ ದಿನಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಎಷ್ಟು ಸೆಕೆಂಡು ಎಂದು ನೋಡುತ್ತೀರಿ. ನಿಜವಾಗಿ ಎಷ್ಟು ಕೆಲಸ ಆಯಿತು ಎನ್ನುವುದನ್ನು ತಡವಿಲ್ಲದೆ ಹೇಳುವುದು ಇದೊಂದೇ. ಶ್ರಮದ ಅಂಕವೂ ನಾಡಿಯೂ ಆ ಕೆಲಸಕ್ಕೆ ದೇಹ ಕೊಟ್ಟ ಉತ್ತರ.

ಒಂದು ಬೆಳಗಿನ ಲೆಕ್ಕ

ಉದಾಹರಣೆಗೆ 42 ವರ್ಷದ, ಎರಡು ಮೂರು ವರ್ಷದಿಂದ ಓಡುತ್ತಿರುವ ಒಬ್ಬರನ್ನು ತೆಗೆದುಕೊಳ್ಳೋಣ. ಓಟದಲ್ಲಿ ಅವರ ಗರಿಷ್ಠ ನಾಡಿ 180 ಎಂದು ಇಟ್ಟುಕೊಳ್ಳಿ. ಎದೆಪಟ್ಟಿ ಕಟ್ಟಿದ್ದಾರೆ. ಯೋಜನೆ 30 ಸೆಕೆಂಡಿನ ಎಂಟು ಹತ್ತುವಿಕೆ, ನಡುವೆ 90 ಸೆಕೆಂಡು ನಡೆದು ಇಳಿಯುವುದು. ಗುರುತುಗಳ ನಡುವೆ 120 ಮೀಟರ್. ಹದಿನೈದು ನಿಮಿಷ ನಿಧಾನ ಓಟ, ಅದರ ಕೊನೆಗೆ ಎರಡು ಮೂರು ಸಲ ಹತ್ತು ಸೆಕೆಂಡಿನ ಚುರುಕು ಓಟ, ಆಮೇಲೆ ಎರಡು ನಿಮಿಷ ನಡಿಗೆ. ಇಷ್ಟಾದ ಮೇಲೆ ಅವರ ಪುಸ್ತಕದಲ್ಲಿ ಹೀಗಿರಬಹುದು.

ಮೊದಲನೆಯದು: ಹೊರಡುವಾಗ 108, ಮೇಲೆ ಮುಟ್ಟುವಾಗ 143, ನಿಂತ ಮೇಲೆ ಏರಿ 151. ಶ್ರಮ 7. ಸಮಯ 30 ಸೆಕೆಂಡು.

ನಾಲ್ಕನೆಯದು: ಹೊರಡುವಾಗ 129, ಮುಟ್ಟುವಾಗ 157, ನಿಂತ ಮೇಲೆ 163. ಶ್ರಮ 8. ಸಮಯ 30 ಸೆಕೆಂಡು.

ಎಂಟನೆಯದು: ಹೊರಡುವಾಗ 138, ಮುಟ್ಟುವಾಗ 165, ನಿಂತ ಮೇಲೆ 169. ಶ್ರಮ 9. ಸಮಯ 30 ಸೆಕೆಂಡು.

ಮೂರೂ ಸಲ ಕಾಲು ಮಾಡಿದ ಕೆಲಸ ಒಂದೇ, ಅದೇ ದೂರವನ್ನು ಅದೇ ಹೊತ್ತಿನಲ್ಲಿ ಹತ್ತಿದ್ದಾರೆ. ಮೇಲೆ ಮುಟ್ಟಿದಾಗಿನ ನಾಡಿ ಮಾತ್ರ 22 ಏರಿದೆ. ಹಿಂದಿನ ಓಟದ ಲೆಕ್ಕ ಪೂರ್ತಿ ತೀರದೆ ಮುಂದಿನದಕ್ಕೆ ಹೊರಟಿದ್ದರಿಂದ ಪ್ರತಿ ಸಲವೂ ಮೇಲಿನ ಮೆಟ್ಟಿಲಿಂದ ಶುರುವಾಗಿದೆ. ಮೊದಲನೆಯದರ 143 ನೋಡಿ ಸಾಲದು ಎನ್ನುವುದು ಎಷ್ಟು ತಪ್ಪೋ, ಎಂಟನೆಯದರ 165 ನೋಡಿ ಈಗ ಚೆನ್ನಾಗಿ ಓಡಿದೆ ಎನ್ನುವುದೂ ಅಷ್ಟೇ ತಪ್ಪು.

ಇನ್ನು ವಾಚು ಕೊನೆಗೆ ಕೊಡುವ ಝೋನ್‌ಗಳ ಪಟ್ಟಿ, ಅಂದರೆ ನಾಡಿ ಯಾವ ಮಟ್ಟದಲ್ಲಿ ಎಷ್ಟು ಹೊತ್ತು ಇತ್ತು ಎನ್ನುವ ಲೆಕ್ಕ. ಗರಿಷ್ಠದ ಶೇಕಡ 90ಕ್ಕಿಂತ ಮೇಲೆ, ಅಂದರೆ 162ರ ಮೇಲೆ, ಇವರಿಗೆ ಸಿಗುವುದು ಬಹಳ ಸ್ವಲ್ಪ ಹೊತ್ತು. ಅದರಲ್ಲೂ ಬಹುಪಾಲು ಓಟ ನಿಲ್ಲಿಸಿ ಇಳಿಯಲು ತೊಡಗಿದಾಗ ಬಂದದ್ದು. ಎಂಟು ಸಲ ಕಾಲು ಸೋಲುವಷ್ಟು ಹತ್ತಿದ ಬೆಳಗು ಆ ಪಟ್ಟಿಯಲ್ಲಿ ಹಗುರದ ದಿನದಂತೆ ಕಾಣುತ್ತದೆ. ಅದನ್ನು ನಂಬಿ ಮರುದಿನ ಮತ್ತೆ ಜೋರಿನ ಓಟ ಇಟ್ಟುಕೊಂಡರೆ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಉತ್ತರ ಕೊಡುತ್ತವೆ. ಇಂಥ ಓಟಕ್ಕೆ ನಾನು ಝೋನ್ ಪಟ್ಟಿಯನ್ನು ತೆರೆದು ನೋಡುವುದೇ ಬೇಡ ಎನ್ನುತ್ತೇನೆ.

ಅದೇ ಓಟಗಾರರು ವಾಚಿನಲ್ಲಿ 162 ಕಾಣಲೇಬೇಕೆಂದು ಹಟ ಹಿಡಿದರೆ ಏನಾಗುತ್ತದೆ ನೋಡಿ. ಮೊದಲನೆಯದನ್ನೇ 26 ಸೆಕೆಂಡಿಗೆ ಹತ್ತುತ್ತಾರೆ, ಶ್ರಮ 10ಕ್ಕೆ ಹತ್ತಿರ. ಹೊತ್ತು ಇನ್ನೂ ಕಡಿಮೆಯಾದ್ದರಿಂದ ನಾಡಿ 147ರ ಆಸುಪಾಸೇ ಇರುತ್ತದೆ. ಎರಡನೆಯದಕ್ಕೆ ಇನ್ನೂ ನುಗ್ಗುತ್ತಾರೆ. ನಾಲ್ಕನೆಯದು ಬರುವಷ್ಟರಲ್ಲಿ 34 ಸೆಕೆಂಡು, ಹೆಜ್ಜೆ ಕಿರಿದಾಗಿ ಸೊಂಟ ಕುಸಿದಿರುತ್ತದೆ. ಆಗ ವಾಚು 164 ತೋರಿಸುತ್ತದೆ. ಓಟ ಕೆಟ್ಟ ಹೊತ್ತಿಗೇ ಅಂಕಿ ಸರಿಯಾಯಿತು! ಚಡಾವಿನ ಓಟದ ಉದ್ದೇಶ ಗಟ್ಟಿಯಾಗಿ, ಒಳ್ಳೆಯ ಭಂಗಿಯಲ್ಲಿ ಹತ್ತುವುದಾದರೆ ಆ ಬೆಳಗು ನಾಲ್ಕನೆಯದಕ್ಕೇ ಮುಗಿದುಹೋಗಿರುತ್ತದೆ.

ಆದ್ದರಿಂದ ಮಾಡಬೇಕಾದ ಕ್ರಮ ಇದು. ಮೊದಲ ಮೂರನ್ನು 7ರಲ್ಲಿ ಇಟ್ಟುಕೊಳ್ಳಿ, ನಡುವಿನವು 8ಕ್ಕೆ ಏರಲಿ, ಕೊನೆಯ ಎರಡು 9 ಆಗಲಿ. ಸಮಯ ಮಾತ್ರ ಎಲ್ಲದಕ್ಕೂ ಒಂದೇ ಇರಬೇಕು. ಐದನೆಯದಕ್ಕೇ 10 ಬಂದರೆ, ಅಥವಾ ಸಮಯ ಎರಡು ಸೆಕೆಂಡಿಗಿಂತ ಹೆಚ್ಚು ಜಾರಿದರೆ ಅಲ್ಲಿಗೇ ನಿಲ್ಲಿಸಿ, ನಡೆದು ಮನೆಗೆ ಹೋಗಿ. ಎಂಟೂ ಮುಗಿದು ಇನ್ನೂ 7ರಲ್ಲೇ ಇದ್ದರೆ ಮುಂದಿನ ವಾರ ಮೇಲಿನ ಗುರುತನ್ನು ನಾಲ್ಕೈದು ಮೀಟರ್ ಮುಂದಕ್ಕೆ ಸರಿಸಿ.

ಹಾಗಾದರೆ ನಾಡಿ ಯಾವುದಕ್ಕೆ?

ಓಡುವಾಗ ಅಲ್ಲ, ಇಳಿಯುವಾಗ ನೋಡಿ. ಅತಿ ಎತ್ತರಕ್ಕೆ ಹೋದ ಅಂಕಿಯಿಂದ ಮುಂದಿನ ಓಟಕ್ಕೆ ಹೊರಡುವಷ್ಟರಲ್ಲಿ ಎಷ್ಟು ಇಳಿಯಿತು ಎಂಬುದು ಉಪಯೋಗದ ಅಂಕಿ. ಮೇಲಿನ ಲೆಕ್ಕದಲ್ಲಿ ಮೊದಲನೆಯದಾದ ಮೇಲೆ 151ರಿಂದ 118ಕ್ಕೆ ಇಳಿದು ಎರಡನೆಯದಕ್ಕೆ ಹೊರಟರು ಎಂದುಕೊಳ್ಳಿ. ಮುಂದಿನ ವಾರ ಅದೇ ಚಡಾವು, ಅದೇ ಸಮಯ, ಅದೇ ಹವೆಯಲ್ಲಿ 132ಕ್ಕೆ ಮಾತ್ರ ಇಳಿದು, ಶ್ರಮವೂ 8 ಅನ್ನಿಸಿದರೆ ದೇಹ ಇನ್ನೂ ಸುಧಾರಿಸಿಕೊಂಡಿಲ್ಲ. ನಿದ್ದೆ ಕೆಟ್ಟಿರಬಹುದು, ಜ್ವರದ ಮುನ್ಸೂಚನೆ ಇರಬಹುದು. ಎರಡೂ ಸಾಕ್ಷಿ ಒಂದೇ ಕಡೆ ಬೆರಳು ತೋರಿಸಿದಾಗ ಹತ್ತುವಿಕೆಗಳನ್ನು ಅರ್ಧಕ್ಕೆ ಇಳಿಸುವುದು ಸರಿಯಾದ ತೀರ್ಮಾನ. ನಾಡಿ ಮಾತ್ರ ಹೆಚ್ಚಿದ್ದು ಶ್ರಮ 7ರಲ್ಲೇ ಇದ್ದರೆ ಮೊದಲು ಹವೆಯನ್ನು ನೋಡಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಮೈ ತಂಪಾಗಿಸಲು ಚರ್ಮಕ್ಕೂ ರಕ್ತ ಹರಿಸಬೇಕಾದ್ದರಿಂದ ಅದೇ ಓಟಕ್ಕೆ ನಾಡಿ ಮೇಲಿರುತ್ತದೆ.

‘120ಕ್ಕೆ ಇಳಿಯುವವರೆಗೆ ಕಾಯಿರಿ, ಆಮೇಲೆ ಓಡಿ’ ಎನ್ನುವ ನಿಯಮ ಕೆಲವರು ಹೇಳುತ್ತಾರೆ. 30 ಸೆಕೆಂಡಿನ ಓಟದಲ್ಲಿ ಅದರಿಂದ ಮೊದಲ ವಿಶ್ರಾಂತಿ ತೀರಾ ಚಿಕ್ಕದೂ ಕೊನೆಯದು ತೀರಾ ಉದ್ದವೂ ಆಗುತ್ತದೆ, ಸೆಕೆಯ ದಿನ 120 ಬರುವುದೇ ಇಲ್ಲ. 90 ಸೆಕೆಂಡು ಇಟ್ಟುಕೊಂಡು, ಹೊರಡುವ ಮುನ್ನ ಒಂದು ಪೂರ್ತಿ ವಾಕ್ಯ ಹೇಳಲು ಬರುತ್ತದೆಯೇ ಎಂದು ನೋಡುವುದು ಮೇಲು. ಬಾರದಿದ್ದರೆ ಇನ್ನು ಅರ್ಧ ನಿಮಿಷ ಕೊಡಿ.

ಹೊತ್ತು ಉದ್ದವಾದಂತೆ ಲೆಕ್ಕ ಬದಲಾಗುತ್ತದೆ. ಕುಂದಾದ್ರಿಗೆ ಹತ್ತುವ ರಸ್ತೆಯಂಥ ಉದ್ದದ ಏರಿನಲ್ಲಿ ನಾಲ್ಕು ನಿಮಿಷದ ಓಟ ಮಾಡಿದರೆ ನಾಡಿಗೆ ಏರಲು ಸಮಯವಿದೆ. ಅಲ್ಲಿ ಮೊದಲ ಒಂದೂವರೆ ನಿಮಿಷ ಶ್ರಮದ ಅಂಕವನ್ನೇ ನಂಬಿ ಓಡಿ, 6ಕ್ಕಿಂತ ಮೇಲೆ ಹೋಗಬೇಡಿ. ಎರಡನೆಯ ನಿಮಿಷ ದಾಟಿದ ಮೇಲೆ ವಾಚು ನೋಡಿದರೆ ಅದರ ಅಂಕಿಗೆ ಅರ್ಥವಿರುತ್ತದೆ. ಹತ್ತು ಸೆಕೆಂಡಿನ ಪೂರ್ಣ ಸ್ಪ್ರಿಂಟಾದರೆ ಇದರ ತದ್ವಿರುದ್ಧ. ನಾಡಿಯನ್ನು ಮರೆತುಬಿಡಿ, ಎರಡು ಮೂರು ನಿಮಿಷ ಪೂರ್ತಿ ಸುಧಾರಿಸಿಕೊಂಡು ಸಮಯವೊಂದನ್ನೇ ನೋಡಿ.

ಶ್ರಮದ ಅಂಕವೂ ದಾರಿ ತಪ್ಪಿಸುವಾಗ

ಗುಂಪಿನಲ್ಲಿ ಓಡುವಾಗ, ಪಕ್ಕದಲ್ಲಿ ತಮಗಿಂತ ಚುರುಕಾದವರಿದ್ದಾಗ ಬಹಳ ಜನ 9ನ್ನು 7 ಎಂದು ಬರೆಯುತ್ತಾರೆ. ಹೊಸಬರು ಎದೆ ಬಡಿತ ಜೋರಾದ ಕೂಡಲೇ 10 ಎನ್ನುತ್ತಾರೆ. ಇಬ್ಬರಿಗೂ ಗುರುತಿನಿಂದ ಗುರುತಿಗೆ ಹಿಡಿದ ಸಮಯವೇ ತಿದ್ದುಪಡಿ: 7 ಎಂದವರ ಸಮಯ ಮುಂದಿನದರಲ್ಲಿ ಕುಸಿದರೆ ಅದು 7 ಆಗಿರಲಿಲ್ಲ, 10 ಎಂದವರು ಮತ್ತೆ ಅದೇ ಸಮಯಕ್ಕೆ ನಾಲ್ಕು ಸಲ ಹತ್ತಿದರೆ ಅದು 10 ಆಗಿರಲಿಲ್ಲ.

ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಉದಾಹರಣೆಗೆ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್, ಆ ನಿಧಾನದ ನರದಾರಿಯನ್ನೇ ಔಷಧಿ ತಡೆದಿರುತ್ತದೆ. ಅವರ ನಾಡಿ ಎಷ್ಟು ಹೊತ್ತು ಓಡಿದರೂ ಲೆಕ್ಕದ ಮಟ್ಟಕ್ಕೆ ಏರುವುದಿಲ್ಲ. ವಯಸ್ಸಿನಿಂದ ಲೆಕ್ಕ ಹಾಕಿ ಪಡೆದ ಯಾವ ಗುರಿಯೂ ಅವರಿಗೆ ಹೊಂದದು, ಅಂಥವರು ಶ್ರಮದ ಅಂಕವನ್ನೇ ಹಿಡಿಯಬೇಕು, ಅದೂ ವೈದ್ಯರು ಜೋರಿನ ಓಟಕ್ಕೆ ಒಪ್ಪಿದ ಮೇಲೆ. ವರ್ಷಗಟ್ಟಲೆ ಓಡದೆ ಇದ್ದು ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದಿರುವವರು ಕೂಡ ಮೊದಲು ತೋರಿಸಿಕೊಂಡು, ಕೆಲವು ತಿಂಗಳು ನಿಧಾನ ಓಟ ಮಾಡಿ ಆಮೇಲೆ ಚಡಾವಿಗೆ ಬರಲಿ. ಹತ್ತುವಾಗ ಎದೆಯಲ್ಲಿ ಬಿಗಿತ, ತೋಳು ಅಥವಾ ದವಡೆಗೆ ಹರಿಯುವ ನೋವು, ತಲೆ ತಿರುಗಿ ಕಣ್ಣು ಕತ್ತಲಿಡುವುದು, ನಿಂತ ಮೇಲೂ ಬಡಿತ ತಾಳ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ವಾಚಿನಲ್ಲಿ 120 ಇರಲಿ 170 ಇರಲಿ, ಅಲ್ಲೇ ಕೂತುಬಿಡಿ, ಜೊತೆಯವರನ್ನು ಕರೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮೊಬೈಲ್ ಸಿಗ್ನಲ್ ಸಿಗದ ಚಡಾವಿಗೆ ಒಬ್ಬರೇ ಹೋಗುವುದಾದರೆ ಯಾವ ರಸ್ತೆ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ.